ಎರಡನೇ ಸಲ ಹೇಳುವಾಗ



ಮೈಸೂರಿನ ಮಾನಸಗಂಗೋತ್ರಿ ಪರಿಸರದಲ್ಲಿ ಎರಡು ಕೇಂದ್ರ ಸಂಸ್ಥೆಗಳಿವೆ. ಒಂದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಇನ್ನೊಂದು 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ. ಮೊದಲನೆಯದಕ್ಕೆ ಕಿವಿ ಮಂದವಾದವರು ಬರುತ್ತಾರೆ, ಹೆಚ್ಚಾಗಿ ಮಗನದೋ ಸೊಸೆಯದೋ ಒತ್ತಾಯಕ್ಕೆ. ಎರಡನೆಯದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಿಕ್ಷಕರು ಬಂದು, ಹತ್ತು ತಿಂಗಳು ಉಳಿದು ಕನ್ನಡ ಕಲಿತು ಹೋಗುತ್ತಾರೆ. ಸಂಜೆ ಈ ಎರಡೂ ಬಗೆಯ ಜನ ಒಂದೇ ಹೋಟೆಲಿಗೆ ಬಂದು ಕಾಫಿ ಕೇಳಿದರೆ, ಕೌಂಟರಿನವರು ಇಬ್ಬರೊಡನೆಯೂ ಒಂದೇ ರೀತಿ ವರ್ತಿಸುತ್ತಾರೆ: ದನಿ ಏರಿಸುತ್ತಾರೆ, ಪದ ಎಳೆಯುತ್ತಾರೆ, ಅದೂ ಆಗದಿದ್ದರೆ ಪಕ್ಕದಲ್ಲಿರುವವರ ಜೊತೆ ಮಾತಾಡುತ್ತಾರೆ.

ನಾನು ಕಿವಿ ಪರೀಕ್ಷೆ ಮಾಡುವ, ಶ್ರವಣಸಾಧನ ಹೊಂದಿಸುವ ಕೆಲಸದವಳು. ಕಿವಿ ಮಂದವಾದವರು ಮತ್ತು ಭಾಷೆ ಕಲಿಯುತ್ತಿರುವವರು ಇಬ್ಬರೂ "ಏನಂದ್ರಿ?" ಎಂದೇ ಕೇಳುತ್ತಾರೆ. ಆದರೆ ಆ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ ಒಂದೇ ಅಲ್ಲ. ಮೊದಲನೆಯ ಸಲ ಹೇಳುವಾಗ ಇಬ್ಬರಿಗೂ ಬೇಕಾದದ್ದು ಸುಮಾರಾಗಿ ಒಂದೇ. ಎರಡನೇ ಸಲ ಹೇಳುವಾಗ ದಾರಿ ಕವಲೊಡೆಯುತ್ತದೆ. ಇವತ್ತು ಆ ಕವಲಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ಕಿವಿ. ವಯಸ್ಸಾದಂತೆ ಕಿವಿ ಮಂದವಾಗುತ್ತದೆ ಎಂದಾಗ ನಾವು ಊಹಿಸುವುದು ರೇಡಿಯೋದ ದನಿ ಕಡಿಮೆಯಾದ ಹಾಗೆ ಎಲ್ಲವೂ ಒಟ್ಟಿಗೆ ಸಣ್ಣಗಾಗುತ್ತದೆ ಎಂದು. ಹಾಗಾಗುವುದಿಲ್ಲ. ಒಳಗಿವಿಯಲ್ಲಿ ಸುರುಳಿ ಸುತ್ತಿದ ಒಂದು ನಾಳವಿದೆ, ಅದರ ಉದ್ದಕ್ಕೂ ಶಬ್ದವನ್ನು ನರಕ್ಕೆ ದಾಟಿಸುವ ಸೂಕ್ಷ್ಮ ಕೇಶಕೋಶಗಳಿವೆ. ನಾಳದ ಬಾಗಿಲ ಬಳಿ ಇರುವ ಕೋಶಗಳು ತಾರಸ್ಥಾಯಿಯ ಶಬ್ದಗಳನ್ನು ಹಿಡಿಯುತ್ತವೆ, ಒಳತುದಿಯವು ಮಂದ್ರಸ್ಥಾಯಿಯವನ್ನು. ಮುಪ್ಪಿನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಬಾಗಿಲ ಬಳಿಯವು, ಮತ್ತು ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಮಾತಿನ ಮೇಲೆ ಇದರ ಪರಿಣಾಮ ವಿಚಿತ್ರ. ಅ, ಆ, ಎ, ಒ ಮುಂತಾದ ಸ್ವರಗಳ ಬಲ ಬಹುಪಾಲು 1000 ಹರ್ಟ್ಸ್‌ನ ಕೆಳಗಿದೆ. ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಇರುವುದು 2000 ಹರ್ಟ್ಸ್‌ನ ಮೇಲೆ, ಅದೂ ತೀರ ಸಣ್ಣ ದನಿಯಲ್ಲಿ. ಹಾಗಾಗಿ ಇಂಥವರಿಗೆ ಸ್ವರಗಳು ಕೇಳಿಸುತ್ತವೆ, ಯಾರೋ ಮಾತಾಡುತ್ತಿದ್ದಾರೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ, ಏನು ಹೇಳಿದರು ಎಂಬುದು ಮಾತ್ರ ತಿಳಿಯುವುದಿಲ್ಲ. ಚಟ್ಟಿ, ಪಟ್ಟಿ, ಕಟ್ಟಿ, ಹಟ್ಟಿ ಎಂದು ಬೇರೆ ಬೇರೆಯಾಗಿ ಹೇಳಿ ನೋಡಿ. ಮೊದಲ ವ್ಯಂಜನ ಅಳಿಸಿದರೆ ನಾಲ್ಕೂ ಒಂದೇ ಪದ. ನನ್ನ ಹತ್ತಿರ ಬರುವ ಹಿರಿಯರು ಮತ್ತೆ ಮತ್ತೆ ಹೇಳುವ ಮಾತು ಇದೇ: "ಮಾತು ಕೇಳ್ಸುತ್ತಮ್ಮ, ಅರ್ಥ ಆಗಲ್ಲ." ಮನೆಯವರು ಇದನ್ನು ಕೇಳಿ, ಇವರಿಗೆ ಬೇಕಾದಾಗ ಮಾತ್ರ ಕೇಳಿಸುತ್ತದೆ ಎಂದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದದ್ದು ಕೇಳಿಸುತ್ತದೆ, ನಾನು ಹೇಳಿದ್ದು ಕೇಳಿಸುವುದಿಲ್ಲವೇ ಎಂಬ ಸಿಟ್ಟು. ಎರಡೂ ನಿಜ, ಎರಡಕ್ಕೂ ಕಾರಣ ಒಂದೇ ಕಿವಿ.

ಕೂಗಿದರೆ ಏನಾಗುತ್ತದೆ? ಕೂಗುವಾಗ ಉಬ್ಬುವುದು ಸ್ವರ, ಅಂದರೆ ಮೊದಲೇ ಕೇಳಿಸುತ್ತಿದ್ದ ಭಾಗ. ವ್ಯಂಜನ ಅಷ್ಟು ಬೆಳೆಯುವುದಿಲ್ಲ, ಸ್ವರದ ಅಬ್ಬರದಲ್ಲಿ ಇನ್ನೂ ಮುಳುಗುತ್ತದೆ. ಜೊತೆಗೆ ಇಂಥ ಕಿವಿಗೆ ಇನ್ನೊಂದು ಸ್ವಭಾವವಿದೆ. ಸಣ್ಣ ಶಬ್ದ ಕೇಳಿಸುವುದೇ ಇಲ್ಲ, ಆದರೆ ದೊಡ್ಡ ಶಬ್ದ ನಿಮಗೆ ನಮಗೆ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಬಡಿಯುತ್ತದೆ. ಕೇಳಿಸದಿರುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಜಾಗ ಕಿರಿದಾಗಿರುತ್ತದೆ. ಅದಕ್ಕೇ ಒಂದು ನಿಮಿಷದ ಹಿಂದೆ "ಏನು, ಏನು?" ಎಂದವರು ಮರುನಿಮಿಷ "ಯಾಕ್ ಹಂಗ್ ಕಿರುಚ್ತೀಯ!" ಎನ್ನುತ್ತಾರೆ. ಅದು ಹಟವಲ್ಲ.

ದನಿ ಏರಿಸುವ ಬದಲು ಹತ್ತಿರ ಹೋಗಿ. ಎರಡು ಮೀಟರ್ ದೂರದಲ್ಲಿದ್ದವರು ಒಂದು ಮೀಟರಿಗೆ ಬಂದರೆ, ದನಿ ಬದಲಿಸದೆಯೇ ಬಯಲಿನಲ್ಲಿ ಸುಮಾರು 6 ಡೆಸಿಬೆಲ್ ಸಿಗುತ್ತದೆ. ಮನೆಯೊಳಗೆ ಗೋಡೆಗಳಿಂದ ಮರಳುವ ಶಬ್ದ ಬೆರೆಯುವುದರಿಂದ ಲಾಭ ಸ್ವಲ್ಪ ಕಡಿಮೆ, ಆದರೂ ಉಂಟು. ಮಿಕ್ಸಿ ನಿಲ್ಲಿಸಿ, ಟಿ.ವಿ. ಸದ್ದು ತೆಗೆಯಿರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂರಿ. ಕಿಟಕಿಗೆ ಬೆನ್ನು ಮಾಡಿ ಕೂತರೆ ನಿಮ್ಮ ಮುಖ ಅವರಿಗೆ ಬರೀ ಕಪ್ಪು. ತುಟಿ ಓದುವುದನ್ನು ಯಾರೂ ಅವರಿಗೆ ಕಲಿಸಿಲ್ಲದಿದ್ದರೂ ಅವರು ಓದುತ್ತಿರುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ, ತಮಗೆ ಕಿವಿ ಮಂದವಾಗಿದೆ ಎಂದು ಹಲವರಿಗೆ ಮೊದಲ ಬಾರಿ ಗೊತ್ತಾಯಿತು. ಆದರೆ ತುಟಿಯಲ್ಲಿ ಸಿಗುವುದು ಅರೆಬರೆ ಮಾಹಿತಿ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ. ಕ, ಗ ಗಂಟಲ ಹತ್ತಿರ ಹುಟ್ಟುವುದರಿಂದ ಕಾಣುವುದೇ ಇಲ್ಲ.

ಈಗ ಎರಡನೇ ಸಲದ ಮಾತು. ಕಿವಿ ಮಂದವಾದವರು "ಏನು?" ಎಂದರೆ, ಅದೇ ವಾಕ್ಯವನ್ನು ಒಮ್ಮೆ ಬಿಡಿಸಿ ಹೇಳಿ. ಆಗಲೂ ತಿಳಿಯದಿದ್ದರೆ ಮೂರನೇ ಸಲ ಅದನ್ನೇ ಹೇಳಬೇಡಿ, ಪದ ಬದಲಿಸಿ. ಅವರ ಕಿವಿಯಲ್ಲಿ ಬಿದ್ದುಹೋದ ಸದ್ದು ಎಷ್ಟು ಸಲ ಹೇಳಿದರೂ ಬಿದ್ದೇ ಹೋಗುತ್ತದೆ. ಬೇರೆ ಪದದಲ್ಲಿ ಬೇರೆ ಸದ್ದುಗಳಿವೆ, ಅವುಗಳಲ್ಲಿ ಕೆಲವು ದಾಟುತ್ತವೆ. ಚಿಕ್ಕ ಪದಕ್ಕಿಂತ ಉದ್ದದ ಪದ ಎಷ್ಟೋ ವಾಸಿ: "ಚಾ" ಎಂಬುದು ತಪ್ಪಿಹೋದೀತು, "ಕುಡಿಯೋಕೆ ಬಿಸಿಬಿಸಿ ಟೀ ತರಲಾ" ಎಂಬುದರಲ್ಲಿ ಹಿಡಿಯಲು ನಾಲ್ಕಾರು ಕಡೆ ಸಿಗುತ್ತದೆ. ಮಾತಿನ ವಿಷಯವನ್ನು ಮೊದಲೇ ಹೇಳಿಬಿಡುವುದೂ ಇದೇ ಕಾರಣಕ್ಕೆ. "ಅಮ್ಮ, ಮಾತ್ರೆ ವಿಚಾರ" ಎಂದು ಶುರು ಮಾಡಿದರೆ, ಮುಂದೆ ಅರ್ಧ ಕೇಳಿಸಿದರೂ ಉಳಿದರ್ಧವನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಅರವತ್ತು ಎಪ್ಪತ್ತು ವರ್ಷ ಆಡಿದ ಕನ್ನಡ ಅವರ ತಲೆಯಲ್ಲಿ ಪೂರ್ತಿಯಾಗಿ ಇದೆ. ಕಿವಿ ಬಿಟ್ಟುಬಿಟ್ಟದ್ದನ್ನು ಆ ಕನ್ನಡ ತುಂಬಿಕೊಡುತ್ತದೆ.

ಕಲಿಯುವವರಲ್ಲಿ ಇದು ಪೂರ್ತಿ ತಿರುಗುಮುರುಗು. ಅವರ ಕಿವಿಗೆ ಎಲ್ಲ ಸದ್ದೂ ಬೀಳುತ್ತದೆ. ಬಿದ್ದದ್ದನ್ನು ಬಿಡಿಸಿಕೊಳ್ಳಲು ತಲೆಯಲ್ಲಿ ಇನ್ನೂ ಸಾಕಷ್ಟು ಕನ್ನಡವಿಲ್ಲ. ನಾವು "ಎಲ್ಗೋಗ್ತಿದೀರ" ಎನ್ನುತ್ತೇವೆ. ಅದರಲ್ಲಿ ಒಂದು ಪದವಿದೆಯೋ ಮೂರಿವೆಯೋ ಅವರಿಗೆ ತಿಳಿಯುವುದಿಲ್ಲ. "ಎಲ್ಲಿಗೆ" ಗೊತ್ತು, "ಹೋಗು" ಗೊತ್ತು, ಎರಡೂ ಸೇರಿ ಹ-ಕಾರ ಕಳೆದುಕೊಂಡು ಬಂದಾಗ ಎರಡೂ ಗುರುತು ಸಿಗುವುದಿಲ್ಲ.

ಇಲ್ಲಿ ಎರಡು ಸಂಶೋಧನೆಗಳನ್ನು ಪಕ್ಕಪಕ್ಕ ಇಡಬೇಕು. 1985ರಲ್ಲಿ ಅಮೆರಿಕದ ಪಿಚೆನಿ, ಡರ್ಲಾಕ್ ಮತ್ತು ಬ್ರೈಡಾ ಎಂಬವರು ಶ್ರವಣದೋಷವಿರುವವರಿಗೆ ಒಂದೇ ವಾಕ್ಯಗಳನ್ನು ಎರಡು ಬಗೆಯಲ್ಲಿ ಕೇಳಿಸಿದರು: ದಿನನಿತ್ಯ ಆಡುವ ಹಾಗೆ, ಮತ್ತು ಸ್ಪಷ್ಟವಾಗಿ ಬಿಡಿಸಿ ಆಡಿದ ಹಾಗೆ. ಬಿಡಿಸಿ ಆಡಿದ ಮಾತಿನಲ್ಲಿ ಅವರು ಸರಿಯಾಗಿ ಹಿಡಿದ ಪದಗಳ ಪ್ರಮಾಣ ಸರಾಸರಿ ಶೇಕಡ 17 ಅಂಶ ಏರಿತು. ದನಿ ದೊಡ್ಡದಾದುದರಿಂದ ಬಂದ ಲಾಭವಲ್ಲ ಅದು. ನಿಧಾನ, ಪದಗಳ ನಡುವಿನ ಬಿಡುವು, ಪೂರ್ತಿಯಾಗಿ ನುಡಿದ ವ್ಯಂಜನ ಇವುಗಳಿಂದ ಬಂದದ್ದು. 2002ರಲ್ಲಿ ಬ್ರಾಡ್‌ಲೋ ಮತ್ತು ಬೆಂಟ್ ಇಂಥದೇ ಸ್ಪಷ್ಟ ಮಾತನ್ನು ಗದ್ದಲದ ನಡುವೆ, ಇಂಗ್ಲಿಷ್ ಮಾತೃಭಾಷೆಯವರಿಗೂ ಇಂಗ್ಲಿಷನ್ನು ಆಮೇಲೆ ಕಲಿತವರಿಗೂ ಕೇಳಿಸಿದರು. ಮಾತೃಭಾಷೆಯವರಿಗೆ ತುಂಬ ಅನುಕೂಲವಾಯಿತು, ಕಲಿತವರಿಗೆ ಸ್ವಲ್ಪ ಮಾತ್ರ. ಸ್ಪಷ್ಟತೆಯನ್ನು ಬಳಸಿಕೊಳ್ಳಲೂ ಆ ಭಾಷೆಯ ಅನುಭವ ಬೇಕು. ಭಾಷೆ ಗೊತ್ತಿದ್ದು ಕಿವಿ ಕೈಕೊಟ್ಟವರಿಗೆ ನಮ್ಮ ಸ್ಪಷ್ಟ ನುಡಿ ಬಹಳ ದೂರ ಸಾಗುತ್ತದೆ. ಕಲಿಯುವವರಿಗೆ ಅದರ ಜೊತೆ ಇನ್ನೊಂದು ಬೇಕು: ಸಮಯ, ಮತ್ತು ಅದೇ ಪದಗಳು.

ಅದೇ ಪದಗಳು ಎಂಬುದನ್ನು ಒತ್ತಿ ಹೇಳುತ್ತೇನೆ. ಕಲಿಯುವವರು ನಿಮ್ಮ ವಾಕ್ಯವನ್ನು ಮನಸ್ಸಿನಲ್ಲಿ ಬಿಡಿಸುತ್ತಿರುತ್ತಾರೆ. ಐದು ಪದಗಳಲ್ಲಿ ಮೂರು ಬಿಡಿಸಿ ಆಗಿರುತ್ತದೆ. ಅಷ್ಟರಲ್ಲಿ ನೀವು ಇನ್ನೂ ಸುಲಭವಾಗಲಿ ಎಂದು ಬೇರೆ ವಾಕ್ಯ ಹೇಳಿದರೆ, ಅವರು ಮೊದಲಿನಿಂದ ಶುರು ಮಾಡಬೇಕು. ಮೂರನೆಯದು ಹೇಳಿದರೆ ಕೈಬಿಟ್ಟು "ಹ್ಞೂಂ" ಎನ್ನುತ್ತಾರೆ. ಹಾಗಾಗಿ ಎರಡನೇ ಸಲ ಅದನ್ನೇ ಹೇಳಿ, ಪದ ಪದದ ನಡುವೆ ಉಸಿರು ಬಿಟ್ಟು: "ಎಲ್ಲಿಗೆ... ಹೋಗ್ತಾ... ಇದ್ದೀರ?" ಹೇಳಿ ಸುಮ್ಮನಿರಿ. ಆ ಮೌನ ಮೂರು ನಾಲ್ಕು ಸೆಕೆಂಡ್ ಇದ್ದರೂ ನಮಗೆ ಯುಗದಂತೆ ಅನ್ನಿಸುತ್ತದೆ, ತುಂಬಿಬಿಡೋಣ ಎಂದು ಬಾಯಿ ತವಕಿಸುತ್ತದೆ. ಅವರು ಕೆಲಸ ಮಾಡುತ್ತಿರುವುದು ಆ ಮೌನದಲ್ಲೇ. ಎರಡು ಸಲ ಹೇಳಿಯೂ ಆಗದಿದ್ದರೆ ಆಗ ಪದ ಬದಲಿಸಿ, ಅದೂ ಒಂದನ್ನು ಮಾತ್ರ.

ಪುಸ್ತಕದ ಕನ್ನಡಕ್ಕೆ ಏರುವುದೂ ಬೇಡ. "ಎಲ್ಲಿಗೆ ಹೋಗುತ್ತಿದ್ದೀರಿ" ಎಂದು ಬೀದಿಯಲ್ಲಿ ಅವರಿಗೆ ಯಾರೂ ಹೇಳುವುದಿಲ್ಲ. ವ್ಯಾಕರಣ ಕಳಚಿ "ನೀನು ಎಲ್ಲಿ ಹೋಗೋದು" ಎನ್ನುವುದೂ ಬೇಡ. ಅದು ನಾಳೆ ಅವರ ಬಾಯಲ್ಲಿ ಹಾಗೆಯೇ ಕೂರುತ್ತದೆ, ಆಮೇಲೆ ನಾವೇ ಅವರಿಗೆ ಕನ್ನಡ ಬರುವುದಿಲ್ಲ ಎನ್ನುತ್ತೇವೆ.

ಈ ಎರಡು ದಾರಿಗಳೂ ಒಂದೇ ಕೋಣೆಯಲ್ಲಿ ಎದುರಾದ ಒಂದು ಮನೆಯನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ಈಗ ಇಂಥ ಮನೆಗಳು ಬಹಳ. ಎಂಬತ್ತು ದಾಟಿದ ಅಜ್ಜಿ, ಕಿವಿ ಮಂದ, ಎರಡೂ ಕಿವಿಗೆ ಶ್ರವಣಸಾಧನ. ಅವರನ್ನು ನೋಡಿಕೊಳ್ಳಲು ಒಡಿಶಾದಿಂದ ಬಂದ ಒಬ್ಬ ಹುಡುಗಿ, ಕನ್ನಡ ಕಲಿಯಲು ಶುರು ಮಾಡಿ ಕೆಲವು ತಿಂಗಳಾಗಿತ್ತು. ಕೆಲಸಕ್ಕೆ ಹೋಗುವ ಮಗಳು. ಒಂದು ಸಂಜೆ ಡಾಕ್ಟರ ಬಳಿಯಿಂದ ಬಂದ ಮಗಳು ಇಬ್ಬರಿಗೂ ಸೇರಿಸಿ ಹೇಳಿದಳು: "ಬಿಳಿ ಮಾತ್ರೆ ಇನ್ಮೇಲೆ ರಾತ್ರಿ ಕೊಡ್ಬೇಡಿ ಅಂದಿದಾರೆ."

ಈ ವಾಕ್ಯವನ್ನು ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇಕೋ ಬೇಡವೋ ಎಂಬುದು ಆ ಕ್ರಿಯಾಪದಕ್ಕೂ ಬಾಲವಾಗಿ ಬರುತ್ತದೆ. ಕೊಡ್ಬೇಕು, ಕೊಡ್ಬೇಡಿ. ವಾಕ್ಯದ ಕೊನೆಗೆ ನಮ್ಮ ಉಸಿರು ಮುಗಿದಿರುತ್ತದೆ, ದನಿ ಇಳಿದಿರುತ್ತದೆ, ಎಷ್ಟೋ ಸಲ ಮುಖವೂ ಬೇರೆ ಕಡೆ ತಿರುಗಿರುತ್ತದೆ. ಅಂದರೆ ಇಡೀ ವಾಕ್ಯದಲ್ಲಿ ಅತಿ ಮುಖ್ಯವಾದ ಭಾಗವನ್ನು ನಾವು ಅತಿ ಸಣ್ಣ ದನಿಯಲ್ಲಿ ಆಡುತ್ತೇವೆ. ಬೇಕು, ಬೇಡ ಎರಡರಲ್ಲೂ ಮೊದಲ ಅಕ್ಷರ ಒಂದೇ. ಎರಡನೆಯದನ್ನು ತುಟಿ ತೋರಿಸಿಕೊಡುವುದಿಲ್ಲ.

ಅಜ್ಜಿ "ಏನಂದೆ? ರಾತ್ರಿ ಕೊಡ್ಬೇಕಾ?" ಎಂದರು. ಮಗಳು ಅದನ್ನೇ ಇನ್ನೊಮ್ಮೆ ಹೇಳಿದಳು, ಆಗಲಿಲ್ಲ. ನಾನು ಹಿಂದೆ ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟದ್ದು ನೆನಪಾಗಿ ಪದ ಬದಲಿಸಿದಳು: "ಅಮ್ಮ, ರಾತ್ರಿ ಮಾತ್ರೆ ನಿಲ್ಲಿಸಿಬಿಟ್ಟಿದಾರೆ. ಬಿಳೀದು." ಅಜ್ಜಿಗೆ ತಕ್ಷಣ ತಿಳಿಯಿತು. ಅವರ ಪಾಲಿಗೆ ಆಕೆ ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಪಕ್ಕದಲ್ಲಿ ನಿಂತ ಹುಡುಗಿಗೆ "ಕೊಡು" ಗೊತ್ತು, "ಬೇಡ" ಗೊತ್ತು. ಮೊದಲ ವಾಕ್ಯವನ್ನು ಆಕೆ ಇನ್ನೇನು ಬಿಡಿಸಿಕೊಳ್ಳುವುದರಲ್ಲಿದ್ದಳು. ಎರಡನೆಯ ವಾಕ್ಯದ "ನಿಲ್ಲಿಸು" ಎಂಬುದು ಆಕೆಗೆ ಆಟೋದವರಿಗೆ ಹೇಳುವ ಪದ. ಮಾತ್ರೆಯನ್ನು ನಿಲ್ಲಿಸುವುದು ಹೇಗೆ? "ಗೊತ್ತಾಯ್ತಾ?" ಎಂದು ಮಗಳು ಕೇಳಿದಳು. "ಆಯ್ತು ಅಕ್ಕ" ಎಂದಳು. ರಾತ್ರಿ ಬಿಳಿ ಮಾತ್ರೆಯನ್ನೂ ನೀರನ್ನೂ ತಂದು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಬೇಡವೆಂದು ಕೈಯಾಡಿಸಿದ್ದರಿಂದ ಏನೂ ಆಗಲಿಲ್ಲ.

ಮಗಳು ಈ ಸಂಗತಿಯನ್ನು ನನಗೆ ಹೇಳಿದಾಗ ನಾವು ಕೂತು ಆ ವಾಕ್ಯವನ್ನು ಹೊಸದಾಗಿ ಕಟ್ಟಿದೆವು. ಇಬ್ಬರಿಗೂ ಹೊಂದುವ ಮೊದಲ ವಾಕ್ಯ ಹೇಗಿರಬೇಕು? ಬೇಡ ಎಂಬುದನ್ನು ಬಾಲದಿಂದ ಬಿಡಿಸಿ ಬೇರೆ ಪದವಾಗಿ ನಿಲ್ಲಿಸಬೇಕು, ಒಂದು ವಾಕ್ಯಕ್ಕೆ ಒಂದೇ ಸಂಗತಿ ಇಡಬೇಕು. "ಮಾತ್ರೆ ವಿಚಾರ. ಬಿಳಿ ಮಾತ್ರೆ... ಬೇಡ. ರಾತ್ರಿ... ಬೇಡ." ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು, ಪ್ರತಿ "ಬೇಡ"ಕ್ಕೂ ಕೈಯಾಡಿಸಿ. ಅಜ್ಜಿಗೆ ಪ್ರತಿ ವಾಕ್ಯವೂ ಪೂರ್ಣ ದನಿಯಲ್ಲಿ ಮುಗಿಯುತ್ತದೆ. ಹುಡುಗಿಗೆ ಗೊತ್ತಿರುವ ಕೆಲವೇ ಪದಗಳು, ಅವೇ ಮರಳಿ ಬರುತ್ತವೆ. ಆಮೇಲೂ ಅಜ್ಜಿಗೆ ತಿಳಿಯದಿದ್ದರೆ "ನಿಲ್ಲಿಸಿದಾರೆ" ಎಂಬ ವಾಕ್ಯವನ್ನು ಅವರ ಹತ್ತಿರ ಹೋಗಿ, ಅವರಿಗೆ ಮಾತ್ರ ಹೇಳಬೇಕು. ಇಬ್ಬರಿಗೂ ಸೇರಿಸಿ ಎರಡನೇ ಸಲ ಹೇಳಬಾರದು ಎಂಬುದೇ ಆ ಮನೆಯಲ್ಲಿ ನಾವು ಕಂಡುಕೊಂಡದ್ದು.

"ಗೊತ್ತಾಯ್ತಾ?" ಎಂಬ ಪ್ರಶ್ನೆಯನ್ನೂ ನಾವು ಕೈಬಿಟ್ಟೆವು. ಅದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ನಾಚಿಕೆ, ಕೆಲಸ ಹೋಗುವ ಭಯ, ಮತ್ತೆ ಕೇಳಿದರೆ ಸಿಡಿಯುತ್ತಾರೆ ಎಂಬ ಅನುಭವ, ಇವೆಲ್ಲ ಸೇರಿ "ಹ್ಞೂಂ" ಎನ್ನಿಸುತ್ತವೆ. ತಿಳಿಯಲಿಲ್ಲ ಎಂಬುದಕ್ಕೆ ಗುರುತುಗಳು ಬೇರೆ: ನಗು ಒಂದು ಕ್ಷಣ ತಡವಾಗಿ ಬರುತ್ತದೆ, ಯಾವಾಗ ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ, ನಿಮ್ಮ ಕೊನೆಯ ಪದವನ್ನಷ್ಟೇ ಮರಳಿ ಹೇಳುತ್ತಾರೆ. "ಹಂಗಾದ್ರೆ ಇವತ್ತು ರಾತ್ರಿ ಯಾವ ಮಾತ್ರೆ ಕೊಡ್ತೀಯ, ತೋರಿಸು" ಎಂದು ಕೇಳಿ. ಅಜ್ಜಿಯನ್ನು "ಏನು ಕೇಳಿಸ್ತಮ್ಮ?" ಎಂದು ಕೇಳಿ. ಅವರು ಕೇಳಿಸಿದಷ್ಟನ್ನು ಹೇಳುತ್ತಾರೆ, ತಪ್ಪಿದ ತುಣುಕನ್ನು ಮಾತ್ರ ನೀವು ತುಂಬಿಕೊಟ್ಟರೆ ಸಾಕು.

ಹುಡುಗಿಯ ತಪ್ಪುಗಳ ಬಗ್ಗೆ ಒಂದು ಮಾತು. ಒಡಿಯಾ ಭಾಷೆಯಲ್ಲಿ ಳ-ಕಾರವಿದೆ, ಹಾಗಾಗಿ ಹಳ್ಳಿ, ಹಲ್ಲಿಗಳ ಭೇದ ಆಕೆಗೆ ಕಷ್ಟವಾಗಲಿಲ್ಲ. ನಮ್ಮ ಉತ್ತರದ ಅತಿಥಿಗಳಿಗೆಲ್ಲ ಳ ಬರುವುದಿಲ್ಲ ಎಂದು ನಾವು ತೀರ್ಮಾನಿಸಿಬಿಟ್ಟಿರುತ್ತೇವೆ. ಆದರೆ ಒಡಿಯಾ ಆಡುನುಡಿಯಲ್ಲಿ ಸ್ವರದ ಹ್ರಸ್ವ ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. ಅದಕ್ಕೇ ಆಕೆಗೆ "ಏಳಿ" ಮತ್ತು "ಎಳಿ" ಒಂದೇ ಆಗಿ ಕೇಳುತ್ತಿದ್ದವು. ಬೆಳಿಗ್ಗೆ ಎಬ್ಬಿಸುವಾಗ "ಅಜ್ಜಿ, ಎಳಿ" ಎನ್ನುತ್ತಿದ್ದಳು. ಒಡಿಯಾ ಕ್ರಿಯಾಪದದಲ್ಲಿ ಗಂಡು ಹೆಣ್ಣಿನ ಭೇದವೂ ಇಲ್ಲ. "ಅಜ್ಜಿ ಊಟ ಮಾಡಿದ" ಎನ್ನುತ್ತಿದ್ದಳು. ತಡೆದು, ತಿದ್ದಿ, ಮತ್ತೆ ಹೇಳಿಸುವ ಅಗತ್ಯವಿಲ್ಲ. "ಹೌದಾ, ಅಜ್ಜಿ ಊಟ ಮಾಡಿದ್ರಾ? ಎಷ್ಟು ಮಾಡಿದ್ರು?" ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಎರಡು ಸಲ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಏಳಿ, ಎಳಿ ಅಂಥ ಕಡೆ ಮಾತ್ರ, ಎಂದರೆ ಅರ್ಥವೇ ಕೆಡುವ ಕಡೆ, ಎರಡನ್ನೂ ಪಕ್ಕಪಕ್ಕ ಹೇಳಿ, ಒಂದಕ್ಕೆ ಎದ್ದು ನಿಂತು ಇನ್ನೊಂದಕ್ಕೆ ಸೆರಗು ಎಳೆದು ತೋರಿಸುವುದು ಒಳ್ಳೆಯದು.

ಕಲಿಯುವವರು ತಡವರಿಸಿದ ಕೂಡಲೇ ಹಿಂದಿಗೋ ಇಂಗ್ಲಿಷಿಗೋ ಹಾರುವ ಅಭ್ಯಾಸ ನಮ್ಮಲ್ಲಿದೆ. ಅದರ ಹಿಂದೆ ಸೌಜನ್ಯವೇ ಇರಬಹುದು. ಆದರೆ ಅವರು ವಾಕ್ಯವನ್ನು ಅರ್ಧ ಕಟ್ಟಿರುವಾಗ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಮಾತ್ರೆಯ ಪ್ರಮಾಣ, ಗ್ಯಾಸ್ ಸೋರಿಕೆ, ಜ್ವರ ಇಂಥವನ್ನು ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಹೇಳಿ, ಅದರಲ್ಲಿ ಅನುಮಾನ ಬೇಡ. ಉಳಿದ ದಿನವೆಲ್ಲ, ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ ಕನ್ನಡವಿರಲಿ.

ಇವಕ್ಕೆಲ್ಲ ಮಿತಿಯೂ ಇದೆ. ಕಿವಿ ಮಂದವಾದವರು ಪ್ರತಿ ವಾಕ್ಯವನ್ನೂ ಊಹಿಸಿ ಕಟ್ಟುತ್ತಿರುತ್ತಾರೆ, ಕಲಿಯುವವರು ಬಿಡಿಸಿ ಕಟ್ಟುತ್ತಿರುತ್ತಾರೆ. ಸಂಜೆಯ ಹೊತ್ತಿಗೆ ಇಬ್ಬರೂ ಬಳಲಿರುತ್ತಾರೆ. ಮುಖ್ಯವಾದದ್ದನ್ನು ಬೆಳಿಗ್ಗೆ ಹೇಳಿ. ಕೇಳಿಸುವುದು ಇದ್ದಕ್ಕಿದ್ದಂತೆ ಕಡಿಮೆಯಾದರೆ ನಿಮ್ಮ ಮಾತಿನ ರೀತಿಯನ್ನು ತಿದ್ದುತ್ತ ಕೂರಬೇಡಿ. ಶ್ರವಣಸಾಧನದ ಬ್ಯಾಟರಿ ನೋಡಿ, ಗುಗ್ಗೆ ಕಟ್ಟಿದೆಯೇ ಎಂದು ಕಿವಿಯ ಡಾಕ್ಟರಿಗೆ ತೋರಿಸಿ. ಕಡ್ಡಿ ಹಾಕಬೇಡಿ. ಒಂದೇ ಕಿವಿ ಒಂದೆರಡು ದಿನದಲ್ಲಿ ಮುಚ್ಚಿಹೋದಂತಾದರೆ ಅದು ತುರ್ತು, ಅಂದೇ ಹೋಗಿ.

ದೂರವಾಣಿ ಇಬ್ಬರಿಗೂ ಕಷ್ಟ. ಮುಖ ಕಾಣುವುದಿಲ್ಲ. ಬಹಳ ಕಾಲ ಸಾಧಾರಣ ಕರೆಯಲ್ಲಿ ಸುಮಾರು 3400 ಹರ್ಟ್ಸ್‌ನ ಮೇಲಿನ ಸದ್ದು ದಾಟುತ್ತಲೇ ಇರಲಿಲ್ಲ, ಈಗಲೂ ಎಷ್ಟೋ ಕರೆಗಳಲ್ಲಿ ಹಾಗೆಯೇ. ಸ-ಕಾರದ ತಿರುಳೆಲ್ಲ ಅದರ ಮೇಲಿದೆ. ವಿಡಿಯೊ ಕರೆ ಮಾಡಿ, ಫೋನನ್ನು ಮುಖಕ್ಕೆ ನೇರವಾಗಿ ಹಿಡಿಯಿರಿ. ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಹೇಳಿ: ಅರವತ್ತೇಳು ಎನ್ನುವ ಬದಲು ಆರು, ಏಳು ಎಂದು. ಏಳೂಮುಕ್ಕಾಲಿಗೆ ಬಾ ಎಂದು ಕನ್ನಡ ಕಲಿಯುವವರಿಗೆ ಫೋನಿನಲ್ಲಿ ಹೇಳಬೇಡಿ. ಮುಕ್ಕಾಲು, ಕಾಲು, ಒಂದೂವರೆಗಳು ಕೊನೆಗೆ ಬರುವ ಪಾಠಗಳು. ಹೇಳಿ ಮುಗಿಸಿದ ಮೇಲೆ ಅದನ್ನೇ ಅಂಕಿಗಳಲ್ಲಿ ಬರೆದು ಕಳಿಸಿ.

ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ಮೈಕ್ ಕೈಗೆ ಬಂದ ಮೇಲೆ ಎದ್ದು ನಿಂತು, ಈ ಕಡೆ ಮುಖ ಮಾಡಿ ಕೇಳಿ. ಪ್ರತಿ ಪ್ರಶ್ನೆಯನ್ನೂ ನಾನು ಇಲ್ಲಿಂದ ಇನ್ನೊಮ್ಮೆ ಹೇಳಿ, ಆಮೇಲೆ ಉತ್ತರಿಸುತ್ತೇನೆ.